ಸೂರ್ಯನಿಗೆ ಬೆನ್ನು ಹಾಕಿದ ಅತ್ತಿಗೆ

ನಮ್ಮ ಅತ್ತಿಗೆಗೆ ಊರಿಟ್ಟ ಹೆಸರು 'ಎರಡನೇ ಬ್ರೇಕ್'. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ಕಲಿಯುವವರು ಎಡವಟ್ಟು ಮಾಡಿದರೆ ತುಳಿಯಲೆಂದು, ಅದರಿಂದ ಬಂದ ಹೆಸರು. ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವರು ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದ್ದಾರೆ. ಹಲ್ಲಿನ ಡಾಕ್ಟರು, ಮದುವೆಗೆ ಮೊದಲು ಕಲಿತೇ ತೀರಬೇಕೆಂದು ಬಂದ ಹುಡುಗಿಯರು, ನಿವೃತ್ತಿಯಾದ ಮೇಲೆ ಧೈರ್ಯ ಬಂದ ಗುಮಾಸ್ತರು, ಎಲ್ಲರೂ ಅವರ ಕೈಯಲ್ಲಿ ಬೈಸಿಕೊಂಡವರೇ. ನಾನೂ ಬೈಸಿಕೊಂಡಿದ್ದೇನೆ. ಮೈದುನ ಎಂಬ ರಿಯಾಯಿತಿ ಒಂದು ದಿನವೂ ಸಿಗಲಿಲ್ಲ.

ಮನೆಯಲ್ಲೂ ಅವರ ಕಾಲು ಆ ಬ್ರೇಕಿನ ಮೇಲೆಯೇ ಇರುತ್ತದೆ. ಅಣ್ಣ ಹೊಸ ಸೋಫಾದ ಮಾತೆತ್ತಿದರೆ ಬ್ರೇಕ್. ನಾನು ಇನ್ನೊಂದು ಲೋಟ ಚಹಾ ಕೇಳಿದರೆ ಬ್ರೇಕ್. ಅಣ್ಣ ಸಾಧು ಮನುಷ್ಯ, ಮದುವೆಯಾದಾಗಿನಿಂದ ನ್ಯೂಟ್ರಲ್ಲಿನಲ್ಲೇ ಇದ್ದಾನೆ. ಮಹಡಿಯಲ್ಲಿ ಅವರಿಬ್ಬರು, ಕೆಳಗೆ ನಾನು ಮತ್ತು ನನ್ನ ಕನ್ನಡಕದ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ನಮ್ಮ ತಂಗಿ ಮತ್ತು ಅವಳ ಸಂಸಾರ. ಯಾರ ಮನೆಯಲ್ಲಿ ಯಾರು ಏನು ಪಿಸುಗುಟ್ಟಿದರೂ ಉಳಿದವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಾಗಿ ಈ ಕಥೆಯಲ್ಲಿ ನಾನು ಮೂಗು ತೂರಿಸಿದ್ದೇನೆ ಎಂದು ಯಾರೂ ಅನ್ನುವಂತಿಲ್ಲ.

ಅತ್ತಿಗೆಯ ಪಾಠಗಳು ಬೆಳಗಿನ ಜಾವ ಮತ್ತು ಸಂಜೆ. ಕಲಿಯುವವರಿಗೆಲ್ಲ ಹಗಲು ಕೆಲಸವಿರುತ್ತದೆ, ರಸ್ತೆಯೂ ಆಗ ಖಾಲಿ. ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಬೆಳಿಗ್ಗೆಯಾದರೆ ಪಶ್ಚಿಮದ ರಸ್ತೆ, ಸಂಜೆಯಾದರೆ ಪೂರ್ವದ ರಸ್ತೆ. ಸೂರ್ಯ ಯಾವಾಗಲೂ ಬೆನ್ನ ಹಿಂದೆ. ವಾಪಸು ಬರುವುದು ಮರಗಳ ನೆರಳಿನ ಒಳರಸ್ತೆಯಲ್ಲಿ. "ಪಾಪ, ಕ್ಲಚ್ಚು ಗೇರು ನೋಡ್ಕೊಳ್ಳೋದ್ರಲ್ಲೇ ಸಾಕಾಗಿರುತ್ತೆ. ಕಣ್ಣಿಗೆ ಬಿಸಿಲು ಬೇರೆ ಯಾಕೆ?" ಎನ್ನುತ್ತಿದ್ದರು. ಬೈಗುಳದಲ್ಲಿ ಇಲ್ಲದ ಕರುಣೆಯನ್ನೆಲ್ಲ ಅವರು ಈ ದಾರಿಯ ಆಯ್ಕೆಯಲ್ಲಿ ತೋರಿಸುತ್ತಿದ್ದರು. ಒಳ್ಳೆಯ ಪದ್ಧತಿ ಎಂದೇ ನಾವೆಲ್ಲ ತಿಳಿದಿದ್ದೆವು.

ತಂಗಿಗೂ ಅವರೇ ಕಲಿಸಿದರು. ಅವಳು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬ ತುಂಬುತ್ತಿದ್ದವಳು. ನಿಂತಲ್ಲೇ ನಿಂತು, ಮುಂದೆ ಹರಿಯುವ ಪಟ್ಟಿಯ ಮೇಲಿನ ಬಿಸ್ಕತ್ತು ನೋಡುತ್ತ ವರ್ಷಗಳು ಹೋದವು. "ಬಿಸ್ಕತ್ತುಗಳೇ ಎಲ್ಲಿಗೋ ಹೋಗ್ತವೆ, ನಾನು ಮಾತ್ರ ಇಲ್ಲೇ ಇದ್ದೀನಿ" ಎಂದು ಒಮ್ಮೆ ನಗುತ್ತ ಹೇಳಿದ್ದಳು. ಅದು ನಗುವ ಮಾತಲ್ಲ ಎಂದು ಅತ್ತಿಗೆಗೆ ಗೊತ್ತಾಯಿತು. ಮರುದಿನವೇ ಅವಳನ್ನು ಎಳೆದುಕೊಂಡು ಹೋಗಿ ಸ್ಟೀರಿಂಗಿನ ಮುಂದೆ ಕೂರಿಸಿದರು. ತಂಗಿ ಅಚ್ಚುಕಟ್ಟಾಗಿ ಕಲಿತಳು. ಲೈಸೆನ್ಸ್ ಬಂತು, ಆಮೇಲೆ ಮಕ್ಕಳ ಗಾಡಿ ಓಡಿಸುವ ಲೈಸೆನ್ಸೂ ಬಂತು. ರೈಲ್ವೆ ಮೇಲ್ಸೇತುವೆಯ ಆಚೆಗಿರುವ ಶಿಶುವಿಹಾರದಲ್ಲಿ ವ್ಯಾನಿಗೆ ಡ್ರೈವರ್ ಬೇಕೆಂದಾಗ ಅವಳನ್ನು ಕರೆದು, ಕೆಲವು ದಿನ ನೋಡಿ ಕಾಯಂ ಮಾಡುತ್ತೇವೆ ಎಂದರು.

ಅವಳ ಸಂಭ್ರಮ ನೋಡಬೇಕಿತ್ತು. ಮೊದಲ ದಿನದ ಹಿಂದಿನ ಸಂಜೆ ವ್ಯಾನನ್ನು ಮನೆಗೇ ತಂದು, ಸೆರಗು ಸಿಕ್ಕಿಸಿ ತೊಳೆದಳು. ಪಾಲಿಶ್ ಡಬ್ಬಿ ತಂದು ಡ್ಯಾಶ್‌ಬೋರ್ಡನ್ನು ಮುಖ ಕಾಣುವಂತೆ ತಿಕ್ಕಿದಳು. ಅದೇ ಬಟ್ಟೆಯಲ್ಲಿ ಮುಂದಿನ ಗಾಜಿನ ಒಳಮೈಯನ್ನೂ ಒರೆಸಿ, ದೂರ ನಿಂತು ನೋಡಿ, ಹೋಗಿ ಮತ್ತೊಮ್ಮೆ ಒರೆಸಿದಳು. ಗಂಡನನ್ನು ಕರೆದು ತೋರಿಸಿದಳು, ನಮ್ಮನ್ನೆಲ್ಲ ಕರೆದು ತೋರಿಸಿದಳು. ನಾವೂ ಚೆನ್ನಾಗಿದೆ ಚೆನ್ನಾಗಿದೆ ಎಂದು ತಲೆದೂಗಿದೆವು.

ಮಾರನೆಯ ದಿನ, ಶುಕ್ರವಾರ, ಮಧ್ಯಾಹ್ನ ವ್ಯಾನನ್ನು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಅವಳು ಬಂದಾಗ ಮುಖ ಬಿಳುಚಿಕೊಂಡಿತ್ತು. ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕುಳಿತಳು.

"ಅಣ್ಣ, ನಂಗೆ ಕಣ್ಣು ಹೋಗಿದೆ ಅನ್ಸುತ್ತೆ" ಎಂದಳು.

ಆದದ್ದಿಷ್ಟು. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಮೇಲ್ಸೇತುವೆ ಹತ್ತಿದಳು. ಹತ್ತುವಾಗ ಸೇತುವೆಯೇ ಸೂರ್ಯನನ್ನು ಮರೆ ಮಾಡಿತ್ತು. ತುದಿ ಮುಟ್ಟಿದ್ದೇ ತಡ, ಬೆಳಕು ನೇರ ಮುಖಕ್ಕೆ ಅಪ್ಪಳಿಸಿತು. ಗಾಜು ಪೂರ್ತಿ ಬೆಳ್ಳಗಾಗಿ, ರಸ್ತೆಯೇ ಮಾಯ. ಗಾಬರಿಯಲ್ಲಿ ಗಾಜಿಗೆ ನೀರು ಚಿಮ್ಮಿಸಿ ವೈಪರ್ ಹಾಕಿದಳು. ವೈಪರಿನ ರಬ್ಬರು ಸವೆದು ಹೋಗಿತ್ತು. ಅದು ರಾತ್ರಿ ಕೂತ ಧೂಳನ್ನೂ ನೀರನ್ನೂ ಕಲೆಸಿ ಗಾಜಿಗೆ ಸುಣ್ಣ ಬಳಿದಂತೆ ಬಳಿಯಿತು. ಆಗ ಅವಳು ಕಣ್ಣುಮುಚ್ಚಿ ಬ್ರೇಕ್ ತುಳಿದಳು. ಸೇತುವೆಯ ನೆತ್ತಿಯ ಮೇಲೆ, ನಡುರಸ್ತೆಯಲ್ಲಿ ವ್ಯಾನ್ ನಿಂತಿತು. ಹಿಂದೆ ಬರುತ್ತಿದ್ದ ಹಾಲಿನ ಲಾರಿಯವನಿಗೂ ಕಣ್ಣಿಗೆ ಅದೇ ಬಿಸಿಲು. ಅವನು ಪುಣ್ಯಕ್ಕೆ ಪಕ್ಕಕ್ಕೆಳೆದು ಉಳಿಸಿದ. ಮಕ್ಕಳು ಅದನ್ನು ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರಂತೆ. ವ್ಯಾನಿನ ಆಯಾ ಮಾತ್ರ ನೇರ ಹೋಗಿ ಹೆಡ್‌ಮಿಸ್ಸಿಗೆ ವರದಿ ಒಪ್ಪಿಸಿದ್ದಳು.

ಹೆಡ್‌ಮಿಸ್ ಕೆಟ್ಟವರಲ್ಲ. "ಸೋಮವಾರ ಬೆಳಿಗ್ಗೆ ನಿನ್ನಿಂದ ಆಗುತ್ತೆ ಅಂತ ನಿನಗೇ ಅನ್ಸಿದ್ರೆ ಬಾ. ಇಲ್ಲ ಅನ್ಸಿದ್ರೆ ಬೀಗದ ಕೈ ಕಳಿಸಿಬಿಡು, ಬೇರೆಯವರು ಕಾಯ್ತಿದ್ದಾರೆ" ಎಂದಿದ್ದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದಳು ತಂಗಿ.

ಕಣ್ಣು ಎಂದ ಮೇಲೆ ನನ್ನ ಕಸುಬು. ಅವಳನ್ನು ಕೂರಿಸಿ ಅಕ್ಷರದ ಹಲಗೆ ಓದಿಸಿದೆ. ಕೊನೆಯ ಸಾಲನ್ನೂ ಪಟಪಟನೆ ಓದಿದಳು. ಕೆಳಗಿದ್ದ ಅಚ್ಚು ಹಾಕಿದವರ ವಿಳಾಸವನ್ನೂ ಓದಿದಳು. ಅವಳ ಕಣ್ಣು ನನ್ನದಕ್ಕಿಂತ ಚೆನ್ನಾಗಿತ್ತು. ವ್ಯಾಪಾರದ ದೃಷ್ಟಿಯಿಂದ ಇದು ನಷ್ಟ, ಆದರೂ ಸಮಾಧಾನವಾಯಿತು.

ಸಂಜೆಯ ಪಾಠಕ್ಕೆ ಹೊರಟಿದ್ದ ಅತ್ತಿಗೆ ಸುದ್ದಿ ಕೇಳಿ ಕೆಂಡವಾದರು. ಮೆಟ್ಟಿಲ ಮೇಲೆ ನಿಂತೇ ಶುರುವಾಯಿತು.

"ನೆತ್ತಿ ಮೇಲೆ ನಿಲ್ಲಿಸಿದ್ಯಾ? ಹಿಂದೆ ಬರೋನು ಏನು ಹಾರ್ಕೊಂಡು ಹೋಗ್ಬೇಕಾ? ಇದನ್ನೇ ಏನೇ ನಾನು ನಿಂಗೆ ಕಲಿಸಿದ್ದು?"

"ಇಲ್ಲ ಅತ್ತಿಗೆ" ಎಂದಳು ತಂಗಿ. ತಲೆ ಎತ್ತಲಿಲ್ಲ. "ಇದನ್ನ ಕಲಿಸ್ಲಿಲ್ಲ. ಬಿಸಿಲು ಎದುರಿಗಿದ್ದಾಗ ನೀವು ನನ್ನನ್ನ ಒಂದು ದಿನಾನೂ ಕರ್ಕೊಂಡು ಹೋಗ್ಲಿಲ್ಲ."

ಅವಳ ದನಿಯಲ್ಲಿ ದೂರಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತಿಗೆಯ ಬಾಯಿಗೆ ಬೀಗ ಬಿತ್ತು. ಮಹಡಿಯಿಂದ ಅಣ್ಣ ಏನಾಯಿತೆಂದು ಇಣುಕಿ ನೋಡಿದ.

ಶನಿವಾರ ಸಂಜೆ ಅತ್ತಿಗೆ ಪಾಠಗಳನ್ನೆಲ್ಲ ರದ್ದು ಮಾಡಿದರು. "ಬಾ, ಕಾರು ಹತ್ತು" ಎಂದು ನನ್ನನ್ನು ಕರೆದು, ತಾವು ಡ್ರೈವರ್ ಸೀಟಿನಲ್ಲಿ ಕುಳಿತರು. ನಾನು ಎರಡನೇ ಬ್ರೇಕಿನ ಕಡೆ ಕುಳಿತೆ. ಕಾರು ಪಶ್ಚಿಮಕ್ಕೆ ತಿರುಗಿತು. ಎದುರಿಗೆ ಇಳಿಯುವ ಸೂರ್ಯ, ತಗ್ಗಾಗಿ, ರಸ್ತೆಯ ತುದಿಯಲ್ಲೇ ಕೂತಂತೆ. ಅತ್ತಿಗೆ ಗಾಜಿನ ಮೇಲಂಚಿನಲ್ಲಿ ಬಿಸಿಲು ತಡೆಯುವ ವೈಸರ್ ಇಳಿಸಿದರು. ಸೂರ್ಯ ಅದರ ಕೆಳಗಿಂದ ನುಸುಳಿದ. ಕತ್ತು ಉದ್ದ ಮಾಡಿದರು, ಕುಗ್ಗಿಸಿದರು, ಕಣ್ಣು ಕಿರಿದು ಮಾಡಿದರು. ಕಾರು ಆಮೆಯಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

"ಏನೂ ಕಾಣಲ್ವಲ್ಲೋ" ಎಂದರು ಮೆಲ್ಲಗೆ.

ನನ್ನ ಕಾಲು ತಾನಾಗಿ ಬ್ರೇಕಿನ ಕಡೆ ಜಾರಿತು. ಅವರು ಓರೆಗಣ್ಣಲ್ಲಿ ನೋಡಿ, "ತೆಗಿ ಕಾಲು" ಎಂದರು. ತೆಗೆದೆ. ದೀಪ ಮಿನುಗಿಸಿಕೊಂಡು, ನಿಧಾನವಾಗಿ ರಸ್ತೆಯ ಅಂಚಿಗೆ ಸರಿದು, ಮರದ ನೆರಳಲ್ಲಿ ನಿಲ್ಲಿಸಿದರು. "ಇಷ್ಟು ಜನಕ್ಕೆ ಕಲಿಸಿ ರಸ್ತೆಗೆ ಬಿಟ್ಟಿದ್ದೀನಿ. ಒಬ್ಬರಿಗೂ ಇದನ್ನ ತೋರಿಸಿಲ್ಲ" ಎಂದರು. ನನಗೆ ತಮಾಷೆ ಮಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕಿರಲಿಲ್ಲ, ಆದರೆ ಅವರ ಮುಖ ನೋಡಿ ಅಯ್ಯೋ ಅನ್ನಿಸಿತು.

ಅಲ್ಲಿ ಕೂತಾಗ ನನಗೊಂದು ಅನುಮಾನ ಬಂತು. ಕನ್ನಡಕದ ಗಾಜನ್ನು ನಾವು ನೇರ ಹಿಡಿದು ನೋಡುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿಯುತ್ತೇವೆ, ಆಗಲೇ ಅದರ ಮೇಲಿನ ಜಿಡ್ಡು ಕಾಣುವುದು. ಮನೆಗೆ ಬಂದವನೇ ಅಂಗಡಿಯ ಟಾರ್ಚ್ ತಂದು, ಶೆಡ್ಡಿನ ಬಾಗಿಲು ಮುಚ್ಚಿ, ವ್ಯಾನಿನೊಳಗೆ ಕುಳಿತು ಗಾಜಿನ ಮೇಲೆ ಓರೆಯಾಗಿ ಬೆಳಕು ಬಿಟ್ಟೆ. ಅತ್ತಿಗೆಯೂ ತಂಗಿಯೂ ಪಕ್ಕದಲ್ಲಿ ಬಗ್ಗಿದ್ದರು.

ಹೊರಗಿನಿಂದ ಕನ್ನಡಿಯಂತಿದ್ದ ಗಾಜಿನ ಒಳಮೈ ತುಂಬ ಸುರುಳಿ ಸುರುಳಿ ಬಿಳಿ ಗೆರೆಗಳು. ತಂಗಿಯ ಕೈ ಎಲ್ಲೆಲ್ಲಿ ತಿರುಗಿತ್ತೋ ಅಲ್ಲೆಲ್ಲ ಪಾಲಿಶಿನ ಜಿಡ್ಡು. ಸಾಲದ್ದಕ್ಕೆ ಥಳಥಳಿಸುವ ಡ್ಯಾಶ್‌ಬೋರ್ಡ್ ಟಾರ್ಚಿನ ಬೆಳಕನ್ನೆಲ್ಲ ಎತ್ತಿ ಗಾಜಿಗೇ ವಾಪಸು ಎಸೆಯುತ್ತಿತ್ತು.

"ಇಷ್ಟು ಚೆನ್ನಾಗಿ ಒರೆಸಿದ್ನಲ್ಲ" ಎಂದಳು ತಂಗಿ, ಅಳು ಬರುವ ದನಿಯಲ್ಲಿ.

"ಚೆನ್ನಾಗಿ ಒರೆಸಿದ್ದಕ್ಕೇ ಹೀಗಾಗಿರೋದು" ಎಂದೆ.

ಮೂವರೂ ತೋಳು ಮಡಿಸಿದೆವು. ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಹಾಕಿದ ನೀರಿನಲ್ಲಿ ಒಳಗಾಜನ್ನು ಒರೆಸಿ, ಬರೀ ನೀರಿನ ಬಟ್ಟೆಯಲ್ಲಿ ಮತ್ತೆ ಒರೆಸಿ, ನನ್ನ ಅಂಗಡಿಯ ನೂಲು ಬಿಡದ ಬಟ್ಟೆಯಲ್ಲಿ ಒಣಗಿಸಿದೆವು. ಬಟ್ಟೆ ಕೊಳೆಯಾದಂತೆಲ್ಲ ಮಡಿಕೆ ಬದಲಿಸುವುದು, ಟಾರ್ಚ್ ಬಿಡುವುದು, ಬೈದುಕೊಳ್ಳುವುದು, ಮತ್ತೆ ಒರೆಸುವುದು. ಡ್ಯಾಶ್‌ಬೋರ್ಡಿನ ಹೊಳಪನ್ನೂ ಸೋಪು ನೀರಿನಲ್ಲಿ ಇಳಿಸಿದೆವು. ಅದು ಮಂಕಾಗುವುದನ್ನು ನೋಡಿ ತಂಗಿಗೆ ಹೊಟ್ಟೆ ಉರಿಯಿತು. ಅಣ್ಣ ಮೊದಲ ಬಾರಿಗೆ ಯಾರನ್ನೂ ಕೇಳದೆ ಎದ್ದುಹೋಗಿ ಹೊಸ ವೈಪರ್ ರಬ್ಬರು ತಂದ. ಅತ್ತಿಗೆ ಅದಕ್ಕೆ ಬ್ರೇಕ್ ಹಾಕಲಿಲ್ಲ. ಆಮೇಲೆ ತಮ್ಮ ಕಾರಿನ ಗಾಜಿನ ಒಳಗೂ ಟಾರ್ಚ್ ಬಿಟ್ಟು ನೋಡಿದರು. ಅದರ ವಿವರ ಇಲ್ಲಿ ಬೇಡ, ನನಗೆ ಆ ಮನೆಯಲ್ಲಿ ಇನ್ನೂ ಊಟ ಸಿಗಬೇಕು.

ಭಾನುವಾರ ಬೆಳಿಗ್ಗೆ ಖಾಲಿ ವ್ಯಾನಿನಲ್ಲಿ ಹೊರಟೆವು. ಸ್ಟೀರಿಂಗಿನಲ್ಲಿ ತಂಗಿ, ಪಕ್ಕದಲ್ಲಿ ಅತ್ತಿಗೆ, ಹಿಂದೆ ಮಕ್ಕಳ ಪುಟ್ಟ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾನು. ಸೇತುವೆಯ ಬುಡ ಬಂದಾಗಲೇ ಅತ್ತಿಗೆಗೆ ಹೊಳೆದದ್ದು, ಇದು ಶಾಲೆಯ ವ್ಯಾನು, ಇವರ ಕಾಲಡಿ ಬ್ರೇಕ್ ಇಲ್ಲ. ಅವರು ಕಾಲನ್ನು ಅಲ್ಲಿ ಇಲ್ಲಿ ಇಟ್ಟು ನೋಡಿ, ಕೊನೆಗೆ ಎರಡೂ ಪಾದ ಜೋಡಿಸಿ ಕುಳಿತರು.

"ಹತ್ತೋವಾಗ್ಲೇ ವೈಸರ್ ಇಳಿಸು. ದೀಪ ಹಾಕು, ಹಿಂದಿನೋನಿಗೆ ನೀನು ಕಾಣ್ಬೇಕಲ್ಲ. ಮುಂದಿನ ಗಾಡಿಗೆ ಜಾಗ ಬಿಡು. ಅಲ್ಲಿ ಹೋಗಿ ಬ್ರೇಕ್ ತುಳಿಯೋದಲ್ಲ, ಇಲ್ಲಿಂದ್ಲೇ ಕಾಲು ಸಡಿಲ ಮಾಡ್ತಾ ಬಾ."

"ಕಾಣ್ದೇ ಹೋದ್ರೆ?"

"ಸೂರ್ಯನ್ನ ದಿಟ್ಟಿಸ್ಬೇಡ. ರಸ್ತೆ ಅಂಚಿನ ಬಿಳಿ ಗೆರೆ ಇದೆಯಲ್ಲ, ಅದನ್ನ ಹಿಡ್ಕೊಂಡು ಹೋಗು. ಎಷ್ಟು ದೂರ ಕಾಣುತ್ತೋ ಅಷ್ಟರಲ್ಲಿ ನಿಲ್ಲೋ ವೇಗ ಇರ್ಲಿ. ಅಷ್ಟೂ ಕಾಣ್ಲಿಲ್ಲ ಅಂದ್ರೆ ನಿಧಾನಕ್ಕೆ ಪಕ್ಕಕ್ಕೆ ತಗೋ."

ನೆತ್ತಿ ಬಂತು. ಬೆಳಕು ಬಂದು ಬಡಿಯಿತು. ಹಿಂದೆ ಕೂತ ನಾನೇ ಮುಖ ತಿರುಗಿಸಿದೆ. ಆದರೆ ಗಾಜು ಬೆಳ್ಳಗಾಗಲಿಲ್ಲ. ಬೆಳಕು ಬೆಳಕಾಗಿತ್ತು, ಅದರೊಳಗೆ ರಸ್ತೆಯೂ ರಸ್ತೆಯಾಗಿಯೇ ಇತ್ತು, ಮಸುಕಾಗಿ. ತಂಗಿ ನಿಧಾನವಾಗಿ ಇಳಿಜಾರಿಗೆ ಬಂದಳು.

ಆಗ ಅವಳು ಇನ್ನೂ ನಿಧಾನ ಮಾಡಿದಳು. ಯಾಕೆಂದು ತಿಳಿಯಲಿಲ್ಲ. ಎದುರಿಗೆ ಏನೂ ಇರಲಿಲ್ಲ, ಅಥವಾ ನಮಗೇನೂ ಕಾಣಲಿಲ್ಲ.

"ಯಾಕೆ?" ಎಂದರು ಅತ್ತಿಗೆ.

"ನೆರಳು" ಎಂದಳು ತಂಗಿ.

ರಸ್ತೆಯ ಹೊಳಪಿನ ನಡುವೆ ಕಡ್ಡಿಯಂಥ ಉದ್ದನೆಯ ಕಪ್ಪು ಗೆರೆಯೊಂದು ನಮ್ಮತ್ತ ಚಾಚಿ, ಅಡ್ಡಡ್ಡ ಸರಿಯುತ್ತಿತ್ತು. ಅದರ ಬುಡದಲ್ಲಿ ಏನಿದೆಯೆಂದು ಕಾಣುತ್ತಿರಲಿಲ್ಲ. ಅತ್ತಿಗೆಯ ಬಲಗಾಲು ವ್ಯಾನಿನ ನೆಲವನ್ನು ಒತ್ತಿ ಹಿಡಿಯಿತು. ಅಷ್ಟರಲ್ಲಿ ವ್ಯಾನ್ ಸದ್ದಿಲ್ಲದೆ ನಿಂತಿತ್ತು. ಬೆಳಕಿನೊಳಗಿಂದ ಮೊದಲು ಸೈಕಲ್ಲಿನ ಚಕ್ರ, ಆಮೇಲೆ ಪೇಪರ್ ಕಟ್ಟು, ಆಮೇಲೆ ಸೈಕಲ್ ತಳ್ಳುತ್ತಿದ್ದ ಪೇಪರ್ ಹಾಕುವ ತಾತ ಮೂಡಿದರು. ಆರಾಮವಾಗಿ ರಸ್ತೆ ದಾಟಿ, ನಮ್ಮ ಕಡೆ ನೋಡದೆಯೇ ಹೋದರು.

ಅತ್ತಿಗೆ ಅವರ ಬೆನ್ನನ್ನೇ ನೋಡಿದರು. "ನಂಗೆ ಕಂಡಿರ್ಲಿಲ್ಲ ಕಣೇ" ಎಂದರು.

ತಂಗಿ ಗೇರು ಹಾಕಿದಳು.

ವಾಪಸು ಬರುವಾಗ ಸೂರ್ಯ ಬೆನ್ನಿಗಿದ್ದ. ರಸ್ತೆ ತೊಳೆದಿಟ್ಟಂತೆ ಕಾಣುತ್ತಿತ್ತು, ನಮ್ಮ ವ್ಯಾನಿನ ನೆರಳು ನಮಗಿಂತ ಮುಂದೆ ಓಡುತ್ತಿತ್ತು. ನಾನು ನಿರಾಳವಾಗಿ ಕಾಲು ಚಾಚಲು ಜಾಗ ಹುಡುಕುತ್ತಿದ್ದೆ. ಎದುರಿನಿಂದ ಬಂದ ಬೈಕಿನವನು ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿಕೊಂಡವನಂತೆ ನೇರ ನಮ್ಮ ಕಡೆಗೇ ಬಂದ. ತಂಗಿ ಹಾರ್ನ್ ಒತ್ತಿ ಅಂಚಿಗೆ ಸರಿದಳು. ಅವನು ಬೆಚ್ಚಿಬಿದ್ದು ತನ್ನ ಕಡೆಗೆ ಎಳೆದುಕೊಂಡ.

"ನಮಗೆಲ್ಲ ಚೆನ್ನಾಗಿ ಕಾಣ್ತಿದ್ದಾಗ ಎದುರಿನೋರಿಗೆ ನಾವೇ ಕಾಣ್ತಿರಲ್ಲ" ಎಂದರು ಅತ್ತಿಗೆ. ಸ್ವಲ್ಪ ಹೊತ್ತಾದ ಮೇಲೆ, "ಇಷ್ಟು ದಿನ ನಾನು ಸುಖವಾಗಿ ಕೂತು, ಎದುರಿನೋರು ಕುರುಡಾಗಿ ಬರ್ತಿರೋದು ತಿಳೀದೆ ಪಾಠ ಮಾಡಿದ್ದೀನಿ" ಎಂದರು. ತಂಗಿ ಮತ್ತೆ ದೀಪ ಹಾಕಿದಳು. ಅವರು ನೊಂದುಕೊಂಡಿದ್ದರು, ನನಗೂ ಮನಸ್ಸು ಭಾರವಾಯಿತು. ಆದರೂ ಮಧ್ಯಾಹ್ನ ನಾನು ಎರಡನೇ ಲೋಟ ಚಹಾ ಕೇಳಿದಾಗ ಇಲ್ಲವೆಂದರು, ಆಗ ಸರಿಹೋದರು ಎಂದು ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ತಂಗಿ ಗಾಜಿನ ಮೇಲಿನ ಇಬ್ಬನಿ ಒರೆಸುತ್ತಿದ್ದಾಗ ಅತ್ತಿಗೆ ಕೆಳಗಿಳಿದು ಬಂದರು. ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಹೊರಡಲು ಸಿದ್ಧರಾಗಿ.

"ಇವತ್ತೊಂದು ದಿನ ಜೊತೇಲಿ ಬರ್ತೀನಿ. ಆಯಾನ ಹಿಂದೆ ಕೂರಿಸು" ಎಂದರು.

ತಂಗಿ ಬಟ್ಟೆ ಮಡಿಸಿದಳು. "ಬೇಡ ಅತ್ತಿಗೆ. ನೀವಿದ್ರೆ ನಾನು ನಿಮ್ಮ ಕಾಲು ನೋಡ್ತೀನಿ, ರಸ್ತೆ ನೋಡಲ್ಲ" ಎಂದಳು. ವ್ಯಾನ್ ಹೊರಟುಹೋಯಿತು, ಮೊದಲು ಈಚೆ ಬೀದಿಗಳಲ್ಲಿ ಮಕ್ಕಳನ್ನು ತುಂಬಿಕೊಳ್ಳಲು.

ಅತ್ತಿಗೆ ಗೇಟಿನಲ್ಲಿ ಕೈಕಾಲು ಆಡದವರಂತೆ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಡಿ" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಸೇತುವೆಯ ಬುಡದ ಫುಟ್‌ಪಾತಿನವರೆಗೆ ಏದುಸಿರು ಬಿಡುತ್ತ ನಡೆದೆವು. ಸೂರ್ಯ ಸೇತುವೆಯ ಹಿಂದೆ ಏರುತ್ತಿದ್ದ. ನೆತ್ತಿಯ ಅಂಚು ಬೆಂಕಿಯಂತಿತ್ತು.

ವ್ಯಾನ್ ಬಂತು. ಮಕ್ಕಳ ಗಲಾಟೆ ನಮಗೆ ಮೊದಲೇ ಕೇಳಿಸಿತು. ತಂಗಿ ನಮ್ಮನ್ನು ನೋಡಲಿಲ್ಲ, ಅವಳ ಕಣ್ಣು ರಸ್ತೆಯ ಮೇಲಿತ್ತು. ಹಿಂದೆ ಅದೇ ಹಾಲಿನ ಲಾರಿ. ವ್ಯಾನ್ ಹತ್ತತೊಡಗಿತು. ಅರ್ಧ ದಾರಿಯಲ್ಲಿ ಅದರ ವೇಗ ಮೆಲ್ಲಗೆ ತಗ್ಗಿತು. ಲಾರಿಯೂ ತಗ್ಗಿಸಿತು. ತುದಿಯಲ್ಲಿ ವ್ಯಾನಿನ ಹಿಂದಿನ ಎರಡು ಕೆಂಪು ದೀಪ ಕಂಡವು. ಆಮೇಲೆ ಬೆಳಕು ಎಲ್ಲವನ್ನೂ ನುಂಗಿಹಾಕಿತು, ವ್ಯಾನನ್ನೂ ಮಕ್ಕಳನ್ನೂ ನಮ್ಮ ಹುಡುಗಿಯನ್ನೂ.

ಅತ್ತಿಗೆ ಎರಡೂ ಕೈ ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದರು.

"ನಿಂಗೆ ಕಾಣ್ತಿದೆಯೇನೋ?" ಎಂದರು.

"ಇಲ್ಲ ಅತ್ತಿಗೆ."

"ನಂಗೂ ಇಲ್ಲ."

ಹಾರ್ನಿನ ಸದ್ದಿಗೆ, ಬ್ರೇಕಿನ ಸದ್ದಿಗೆ ಕಿವಿ ಕೊಟ್ಟು ನಿಂತೆವು. ಯಾವುದೂ ಬರಲಿಲ್ಲ. ಸೇತುವೆಯ ಮೇಲೆ ಗಾಡಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು.

ಅತ್ತಿಗೆ ಕೈ ಇಳಿಸಿದರು.

"ಅವಳಿಗೆ ಕಾಣ್ತಿರುತ್ತೆ" ಎಂದರು.